ಹೊಸ್ತಿಲು ಎಲ್ಲಿದೆ?

ಪದವಿಯಲ್ಲಿ ಮನಶ್ಶಾಸ್ತ್ರ ಓದುವಾಗ ಪ್ರಾಕ್ಟಿಕಲ್ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ನೋಡಲು ಒಂದೇ ಥರದ ಏಳೆಂಟು ಡಬ್ಬಿಗಳು. ಗಾತ್ರ ಒಂದೇ, ಬಣ್ಣ ಒಂದೇ, ತೂಕ ಮಾತ್ರ ಬೇರೆ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಜೊತೆಗಾರ್ತಿ ಮೊದಲು 200 ಗ್ರಾಮಿನ ಡಬ್ಬಿ ಎತ್ತಿಸುತ್ತಿದ್ದಳು. ಅದನ್ನು ಕೆಳಗಿಟ್ಟ ಮೇಲೆ ಇನ್ನೊಂದು. ‘ಎರಡನೆಯದು ಭಾರವೋ, ಹಗುರವೋ?’ ಎರಡರಲ್ಲಿ ಒಂದು ಹೇಳಲೇಬೇಕು, ‘ಗೊತ್ತಿಲ್ಲ’ ಎನ್ನುವಂತಿಲ್ಲ. ಹೀಗೆ ಒಂದೊಂದು ಡಬ್ಬಿಗೂ ಇಪ್ಪತ್ತು ಸಲ, ಕ್ರಮ ತಪ್ಪಿಸಿ ತಪ್ಪಿಸಿ.

ಕೊನೆಗೆ ಲೆಕ್ಕ ಹಾಕಿದಾಗ 190 ಗ್ರಾಮಿನ ಡಬ್ಬಿಯನ್ನು ಇಪ್ಪತ್ತರಲ್ಲಿ ಐದು ಸಲ ‘ಭಾರ’ ಎಂದಿದ್ದೆ. 195ಕ್ಕೆ ಎಂಟು ಸಲ, 205ಕ್ಕೆ ಹದಿನೈದು ಸಲ. ತಮಾಷೆಯೆಂದರೆ 200 ಗ್ರಾಮನ್ನು ಅದೇ 200 ಗ್ರಾಮಿನ ಜೊತೆ ಹೋಲಿಸಿದಾಗಲೂ ಹನ್ನೆರಡು ಸಲ ‘ಭಾರ’ ಎಂದಿದ್ದೆ. ಎರಡನೆಯ ಸಲ ಎತ್ತಿದ ವಸ್ತು ಸ್ವಲ್ಪ ಭಾರವೆನಿಸುವುದು ಹೊಸದೇನಲ್ಲ, ಅದಕ್ಕೆ ಕಾಲದೋಷ ಎನ್ನುತ್ತಾರೆ. ಹಾಗಾಗಿ ನನ್ನ ಕೈಗೆ ‘ಸಮ’ ಎನಿಸುತ್ತಿದ್ದದ್ದು 200 ಅಲ್ಲ, 197.5 ಗ್ರಾಮ್. ನಾಲ್ಕರಲ್ಲಿ ಒಂದು ಸಲ ‘ಭಾರ’ ಎಂದ ತೂಕ 190, ನಾಲ್ಕರಲ್ಲಿ ಮೂರು ಸಲ ಎಂದದ್ದು 205. ನಡುವಿನ 15 ಗ್ರಾಮಿನಲ್ಲಿ ಅರ್ಧ, ಅಂದರೆ 7.5 ಗ್ರಾಮ್, ನನ್ನ ಕೈಗೆ ಗೊತ್ತಾಗುವ ಅತಿ ಸಣ್ಣ ವ್ಯತ್ಯಾಸ. ಮೂಲ ತೂಕದ ಹೆಚ್ಚುಕಡಿಮೆ ಇಪ್ಪತ್ತೇಳರಲ್ಲಿ ಒಂದು ಪಾಲು.

ಈ ಕೊನೆಯ ವಾಕ್ಯದಲ್ಲಿರುವ ‘ಪಾಲು’ ಎಂಬುದೇ ಇಡೀ ವಿಷಯದ ತಿರುಳು. ಅದನ್ನು ಮೊದಲು ಗಟ್ಟಿಯಾಗಿ ಹಿಡಿದವನು ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಅಂಗರಚನಾ ಪ್ರಾಧ್ಯಾಪಕ ಅರ್ನ್ಸ್ಟ್ ಹೈನ್ರಿಚ್ ವೆಬರ್. ಸ್ಪರ್ಶದ ಬಗ್ಗೆ ಅವನು 1834ರಲ್ಲಿ ಲ್ಯಾಟಿನ್‌ನಲ್ಲೂ 1846ರಲ್ಲಿ ಜರ್ಮನ್‌ನಲ್ಲೂ ಬರೆದ. ಕೈಯಲ್ಲಿ ತೂಕ ಎತ್ತಿ ನೋಡಿದರೆ 39ಕ್ಕೂ 40ಕ್ಕೂ ಇರುವ ವ್ಯತ್ಯಾಸ ಚುರುಕಾದ ಕೈಗೆ ತಿಳಿಯುತ್ತದೆ ಎಂದು ಕಂಡುಕೊಂಡ. ಅದು ಔನ್ಸಿನ ಲೆಕ್ಕವೋ ಅದಕ್ಕಿಂತ ಚಿಕ್ಕ ಅಳತೆಯ ಲೆಕ್ಕವೋ ಎಂಬುದು ಮುಖ್ಯವಲ್ಲ, ಮುಖ್ಯವಾದದ್ದು ಅನುಪಾತ. ಅದೇ ತೂಕವನ್ನು ಎತ್ತದೆ, ಮೇಜಿನ ಮೇಲೆ ಚಾಚಿದ ಅಂಗೈ ಮೇಲಿಟ್ಟರೆ ಅಷ್ಟು ನಯವಾಗಿ ತಿಳಿಯುವುದಿಲ್ಲ. ಎತ್ತುವಾಗ ಚರ್ಮದ ಜೊತೆ ಸ್ನಾಯುವೂ ಸಾಕ್ಷಿ ಹೇಳುತ್ತದೆ. ತರಕಾರಿ ಕೊಳ್ಳುವಾಗ ಎಲೆಕೋಸನ್ನು ಅಂಗೈಯಲ್ಲಿ ಎರಡು ಸಲ ಕುಲುಕಿ ನೋಡುವ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ವೆಬರನ ನಿಯಮ ಸರಳ. 200 ಗ್ರಾಮಿಗೆ 5 ಗ್ರಾಮ್ ಸೇರಿಸಿದರೆ ತಿಳಿಯುವ ಕೈಗೆ 400 ಗ್ರಾಮಿಗೆ 5 ಸಾಲದು, 10 ಬೇಕು. ಎರಡು ಕಿಲೋಗೆ 50 ಬೇಕು. ಕೈ ಗ್ರಾಮುಗಳನ್ನು ಎಣಿಸುವುದಿಲ್ಲ, ಇದ್ದದ್ದರಲ್ಲಿ ಎಷ್ಟು ಪಾಲು ಬದಲಾಯಿತು ಎಂಬುದನ್ನು ನೋಡುತ್ತದೆ. ಉದ್ದದ ಗೆರೆಗಳಲ್ಲೂ ಹೀಗೇ ಆಗುತ್ತದೆಂದು ವೆಬರ್ ತೋರಿಸಿದ. ಪಾಲಿನ ಪ್ರಮಾಣ ಮಾತ್ರ ಇಂದ್ರಿಯದಿಂದ ಇಂದ್ರಿಯಕ್ಕೆ ಬೇರೆ. ಆದರೆ ಇದನ್ನು ಅವನು ದೊಡ್ಡ ಸಿದ್ಧಾಂತವೆಂದು ಸಾರಲಿಲ್ಲ. ಅದಕ್ಕೆ ‘ವೆಬರ್ ನಿಯಮ’ ಎಂದು ಹೆಸರಿಟ್ಟದ್ದು ಅದೇ ಊರಿನ ಇನ್ನೊಬ್ಬ.

ಗುಸ್ಟಾವ್ ಥಿಯೋಡರ್ ಫೆಕ್ನರ್ 1834ರಲ್ಲಿ ಲೈಪ್‌ಜಿಗ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ. ದಿಟ್ಟಿಸಿ ನೋಡಿದ ಮೇಲೂ ಕಣ್ಣಲ್ಲಿ ಉಳಿಯುವ ಬಿಂಬಗಳನ್ನು ಪರೀಕ್ಷಿಸಲು ಬಣ್ಣದ ಗಾಜಿನ ಮೂಲಕ ಸೂರ್ಯನನ್ನೇ ನೋಡುತ್ತ ಕಣ್ಣು ಕೆಡಿಸಿಕೊಂಡ. 1840ರ ಹೊತ್ತಿಗೆ ಹಾಸಿಗೆ ಹಿಡಿದು, ಕೆಲಸ ಬಿಟ್ಟು, ಮೂರು ವರ್ಷ ಬೆಳಕನ್ನೇ ಸಹಿಸಲಾರದೆ ಕತ್ತಲಲ್ಲಿ ಕಳೆದ. ಚೇತರಿಸಿಕೊಂಡು ಎದ್ದಾಗ ಅವನ ತಲೆಯಲ್ಲಿ ಇದ್ದದ್ದು ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ತತ್ತ್ವಶಾಸ್ತ್ರ. ಮನಸ್ಸು, ದೇಹ ಎಂಬುವು ಒಂದೇ ವಸ್ತುವಿನ ಎರಡು ಮುಖ, ಗಿಡಗಳಿಗೂ ಒಳಬಾಳು ಇದೆ ಎಂದು ನಂಬಿದ್ದ. ಎರಡು ಮುಖಗಳಾದರೆ ಅವನ್ನು ಬೆಸೆಯುವ ಒಂದು ಲೆಕ್ಕವೂ ಇರಬೇಕಲ್ಲ? 1850ರ ಅಕ್ಟೋಬರ್ 22ರ ಬೆಳಗ್ಗೆ, ಹಾಸಿಗೆಯಿಂದ ಏಳುವ ಮೊದಲೇ ಆ ಲೆಕ್ಕ ಹೊಳೆಯಿತೆಂದು ಅವನೇ ಬರೆದಿಟ್ಟಿದ್ದಾನೆ. ಹೀಗೆ ಅನುಭವವನ್ನು ಅಳೆಯುವ ಶಾಸ್ತ್ರದವರು ಇಂದಿಗೂ ಆ ದಿನವನ್ನು ಫೆಕ್ನರ್ ದಿನವೆಂದು ಆಚರಿಸುತ್ತಾರೆ.

ಹೊಳೆದದ್ದೇನು? ತೂಕ ಎಷ್ಟೆಂದು ತಕ್ಕಡಿ ಹೇಳುತ್ತದೆ, ಭಾರ ಎಷ್ಟೆನಿಸಿತು ಎಂದು ಅಳೆಯಲು ಕೋಲಿಲ್ಲ. ಹಾಗಾದರೆ ಗೊತ್ತಾಗುವ ಅತಿ ಸಣ್ಣ ವ್ಯತ್ಯಾಸವನ್ನೇ ಕೋಲಿನ ಗುರುತು ಮಾಡಿಕೊಳ್ಳೋಣ, ಅಂಥ ಹೆಜ್ಜೆಗಳನ್ನು ಎಣಿಸೋಣ ಎಂದ ಫೆಕ್ನರ್. ಎಣಿಸಿ ನೋಡಿ. ಪಾಲು ನಲವತ್ತರಲ್ಲಿ ಒಂದಾದರೆ 200ರಿಂದ ಮೊದಲ ಹೆಜ್ಜೆ 205ಕ್ಕೆ, ಎರಡನೆಯದು 210ಕ್ಕೆ ಚೂರು ಮೇಲೆ. ಹೀಗೆ 28 ಹೆಜ್ಜೆ ಇಟ್ಟರೆ 400 ತಲುಪುತ್ತೀರಿ. 400ರಿಂದ 800ಕ್ಕೆ ಹೋಗಲು ಎಷ್ಟು ಹೆಜ್ಜೆ? ಮತ್ತೆ 28. ಹೊರಗಿನ ತೂಕ ಗುಣಿಸಿಕೊಳ್ಳುತ್ತ ಹೋದರೆ ಒಳಗಿನ ಅನುಭವ ಕೂಡಿಕೊಳ್ಳುತ್ತ ಹೋಗುತ್ತದೆ. ಶಾಲೆಯಲ್ಲಿ ಲಾಗರಿದಮ್ ಕಲಿತವರಿಗೆ ಇದು ಗುರುತಿನ ಮುಖ.

1860ರಲ್ಲಿ ಅವನು ಇದನ್ನೆಲ್ಲ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿ ಸೈಕೋಫಿಸಿಕ್ಸ್ ಎಂದು ಹೆಸರಿಟ್ಟ. ಅದಕ್ಕೆ ಮುಂಚೆ ಮನೆಯಲ್ಲಿ ವರ್ಷಗಟ್ಟಲೆ ತಾನೇ ತೂಕ ಎತ್ತಿದ್ದ. ಒಂದೇ ಪ್ರಯೋಗಮಾಲೆಯಲ್ಲಿ 24,576 ತೀರ್ಪು! ಯಾವ ಕೈ, ಯಾವ ಕ್ರಮ, ಎಲ್ಲವನ್ನೂ ಬದಲಿಸಿ ಬದಲಿಸಿ ಬರೆದಿಟ್ಟ. ನಾನು ನೂರನಲವತ್ತು ಸಲ ಎತ್ತಿ ಮೊಣಕೈ ತಿಕ್ಕಿಕೊಂಡದ್ದು ನೆನಪಾದಾಗಲೆಲ್ಲ ಈ ಸಂಖ್ಯೆಯೂ ನೆನಪಾಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಅವನ ಇನ್ನೊಂದು ಪ್ರಯೋಗ. ಆಕಾಶದಲ್ಲಿ ಎರಡು ಮೋಡಗಳ ನಡುವೆ, ಬರೀ ಕಣ್ಣಿಗೆ ಕಂಡೂ ಕಾಣದಷ್ಟು ನೆರಳಿನ ಅಂತರವನ್ನು ಹುಡುಕಿದ. ನಂತರ ಕಪ್ಪು ಛಾಯೆಯ ಗಾಜು ಹಿಡಿದು ನೋಡಿದ. ಬೆಳಕು ಬಹಳ ಕಡಿಮೆಯಾಯಿತು, ಎರಡರ ನಡುವಿನ ವ್ಯತ್ಯಾಸವೂ ಅಷ್ಟೇ ಪಟ್ಟು ಇಳಿಯಿತು, ಆದರೂ ಆ ಅಂತರ ಮೊದಲಿನಂತೆಯೇ ಕಂಡಿತು. ಗಾಜು ಎರಡನ್ನೂ ಒಂದೇ ಪ್ರಮಾಣದಲ್ಲಿ ಮಂಕಾಗಿಸುತ್ತದೆ, ಪಾಲು ಕೆಡುವುದಿಲ್ಲ.

ಹಗಲಲ್ಲಿ ನಕ್ಷತ್ರ ಕಾಣದಿರುವುದಕ್ಕೂ ಇದೇ ಕಾರಣ. ನಕ್ಷತ್ರ ಕಳಿಸುವ ಬೆಳಕು ರಾತ್ರಿಯಷ್ಟೇ ಇರುತ್ತದೆ, ಹಿನ್ನೆಲೆಯ ಆಕಾಶಕ್ಕೆ ಹೋಲಿಸಿದರೆ ಅದರ ಪಾಲು ಏನೂ ಅಲ್ಲ.

ನಿಯಮದ ಮಿತಿಯೂ ಬೇಗ ತಿಳಿಯಿತು. ನಡುವಿನ ಪ್ರಮಾಣಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ತೀರಾ ಮಂದ ಬೆಳಕು, ತೀರಾ ಕ್ಷೀಣ ಸದ್ದು, ತೀರಾ ಹಗುರ ತೂಕಕ್ಕೆ ಬಂದರೆ ಪಾಲು ದೊಡ್ಡದಾಗುತ್ತ ಹೋಗುತ್ತದೆ. ಇನ್ನೊಂದು ತಕರಾರು ಹೆಜ್ಜೆಗಳದ್ದು. ಎಲ್ಲ ಹೆಜ್ಜೆಗಳೂ ಅನುಭವದಲ್ಲಿ ಒಂದೇ ಉದ್ದವೆಂದು ಫೆಕ್ನರ್ ಹಿಡಿದುಕೊಂಡದ್ದು ಊಹೆ ಮಾತ್ರ. ಹಾರ್ವರ್ಡ್‌ನ ಎಸ್.ಎಸ್. ಸ್ಟೀವನ್ಸ್ 1950ರ ದಶಕದಲ್ಲಿ ಜನರನ್ನೇ ನೇರವಾಗಿ ಕೇಳಿದ: ಇದು ಅದರ ಎಷ್ಟು ಪಟ್ಟು ಎನಿಸುತ್ತದೆ, ಸಂಖ್ಯೆ ಹೇಳಿ. ಬೆಳಕು ದುಪ್ಪಟ್ಟಾದರೂ ಹೊಳಪು ದುಪ್ಪಟ್ಟೆನಿಸಲಿಲ್ಲ, ವಿದ್ಯುತ್ ಶಾಕ್ ದುಪ್ಪಟ್ಟಾದರೆ ಹತ್ತು ಪಟ್ಟಿಗೂ ಹೆಚ್ಚೆನಿಸಿತು. ಲಾಗರಿದಮ್ಮಿನಿಂದ ಶಾಕ್ ಅನ್ನು ವಿವರಿಸಲಾಗದು. ಗೊತ್ತಾಗುವ ವ್ಯತ್ಯಾಸದ ಬಗ್ಗೆ ವೆಬರ್ ಹೇಳಿದ್ದು ಉಳಿಯಿತು, ಅದರ ಮೇಲೆ ಫೆಕ್ನರ್ ಕಟ್ಟಿದ ಮಹಡಿ ಅಲುಗಾಡಿತು.

ಇನ್ನು ಹೊಸ್ತಿಲಿನ ಮಾತು. ಫೆಕ್ನರ್ ಬಳಸಿದ ಜರ್ಮನ್ ಪದಕ್ಕೆ ಅರ್ಥವೇ ಮನೆಯ ಹೊಸ್ತಿಲು. ಅದನ್ನು ದಾಟಿ ಒಳಗೆ ಬಂದ ಪ್ರಚೋದನೆ ಅರಿವಿಗೆ ಬರುತ್ತದೆ, ದಾಟದ್ದು ಹೊರಗೇ ಉಳಿಯುತ್ತದೆ. ಏನೂ ಇಲ್ಲದಿರುವುದಕ್ಕೂ ಏನೋ ಇದೆ ಎನಿಸುವುದಕ್ಕೂ ನಡುವಿನ ಗಡಿ ಪೂರ್ಣ ಹೊಸ್ತಿಲು. ಎರಡರ ನಡುವೆ ವ್ಯತ್ಯಾಸ ತಿಳಿಯುವ ಗಡಿ ಭೇದದ ಹೊಸ್ತಿಲು.

ಕಣ್ಣಿನ ಪೂರ್ಣ ಹೊಸ್ತಿಲನ್ನು ಅತ್ಯಂತ ನಾಜೂಕಾಗಿ ಅಳೆದದ್ದು 1942ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹೆಕ್ಟ್, ಶ್ಲೇರ್ ಮತ್ತು ಪಿರೆನ್. ನೋಡುವವನು ಅರ್ಧ ಗಂಟೆಗೂ ಹೆಚ್ಚು ಕತ್ತಲಲ್ಲಿ ಕೂತು ಕಣ್ಣು ಹದ ಮಾಡಿಕೊಳ್ಳಬೇಕು. ನಂತರ ಹಸಿರು ಬೆಳಕಿನ ಒಂದು ಚುಕ್ಕಿ, ಸೆಕೆಂಡಿನ ಸಾವಿರದ ಒಂದು ಪಾಲು ಹೊತ್ತು ಮಿನುಗುತ್ತದೆ. ಅದೂ ನೇರ ಎದುರಿಗಲ್ಲ, ದೃಷ್ಟಿಯಿಂದ 20 ಡಿಗ್ರಿ ಪಕ್ಕಕ್ಕೆ, ಏಕೆಂದರೆ ಮಂದ ಬೆಳಕು ಹಿಡಿಯುವ ಕೋಶಗಳು ದಟ್ಟವಾಗಿರುವುದು ಅಲ್ಲಿ. ನೂರಕ್ಕೆ ಅರವತ್ತು ಸಲ ‘ಕಂಡಿತು’ ಎನ್ನಲು ಕಣ್ಣಿನ ಮುಂಭಾಗಕ್ಕೆ 54ರಿಂದ 148 ಬೆಳಕಿನ ಕಣಗಳು ಬಂದರೆ ಸಾಕಾಯಿತು. ದಾರಿಯಲ್ಲಿ ಸೋರಿದ್ದನ್ನು ಕಳೆದರೆ ಕೋಶಗಳು ನಿಜಕ್ಕೂ ಹೀರಿಕೊಂಡದ್ದು 5ರಿಂದ 14 ಕಣ ಅಷ್ಟೇ. ಅವು ಸುಮಾರು 500 ಕೋಶಗಳ ಮೇಲೆ ಚದುರಿ ಬೀಳುವುದರಿಂದ, ಒಂದು ಕೋಶವನ್ನು ಎಬ್ಬಿಸಲು ಒಂದೇ ಕಣ ಸಾಕೆಂದು ಅವರು ತರ್ಕಿಸಿದರು.

ಆದರೆ ಅರವತ್ತು ಏಕೆ, ನೂರು ಏಕಲ್ಲ? ಹೊಸ್ತಿಲು ಕಲ್ಲಿನದ್ದಾಗಿದ್ದರೆ ಅದಕ್ಕಿಂತ ಕೆಳಗೆ ಸೊನ್ನೆ, ಮೇಲೆ ನೂರು ಬರಬೇಕಿತ್ತು. ಬರುವುದಿಲ್ಲ. ನನ್ನ ಡಬ್ಬಿಗಳಲ್ಲಿ ಬಂದಂತೆ ಐದು, ಎಂಟು, ಹನ್ನೆರಡು, ಹದಿನೈದು ಎಂದು ಇಳಿಜಾರಾಗಿ ಏರುತ್ತದೆ. ದೀಪ ಅದೇ, ಮಟ್ಟ ಅದೇ ಇದ್ದರೂ ಅದರಿಂದ ಹೊರಡುವ ಕಣಗಳ ಸಂಖ್ಯೆ ಒಂದೊಂದು ಸಲ ಒಂದೊಂದಿರುತ್ತದೆ. ಇಳಿಜಾರಿನ ಯಾವುದೋ ಒಂದು ಜಾಗಕ್ಕೆ ಗೂಟ ಹೊಡೆದು ‘ಇದೇ ಹೊಸ್ತಿಲು’ ಎನ್ನುವುದು ನಾವು. ಕೆಲವರು ಐವತ್ತಕ್ಕೆ ಹೊಡೆಯುತ್ತಾರೆ, ಈ ಮೂವರು ಅರವತ್ತಕ್ಕೆ ಹೊಡೆದರು.

ಅನುಮಾನ ಅದಕ್ಕಿಂತ ಹಳೆಯದು. 1884ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಚಾರ್ಲ್ಸ್ ಪಿಯರ್ಸ್ ಮತ್ತು ಅವನ ವಿದ್ಯಾರ್ಥಿ ಜೋಸೆಫ್ ಜಾಸ್ಟ್ರೋ ಬೆರಳಿನ ಮೇಲಿನ ಒತ್ತಡವನ್ನು ತೀರಾ ಸಣ್ಣಗೆ ಏರಿಸಿ ಇಳಿಸಿ, ಯಾವುದು ಹೆಚ್ಚು ಎಂದು ಕೇಳಿದರು. ಮುಂದಿನದು ಯಾವುದು ಬರಬೇಕೆಂದು ಇಸ್ಪೀಟೆಲೆ ಕಲಸಿ ತೀರ್ಮಾನಿಸುತ್ತಿದ್ದರು, ಊಹಿಸಲು ಸುಳಿವೇ ಸಿಗದಿರಲೆಂದು. ಉತ್ತರದ ಜೊತೆಗೆ ಎಷ್ಟು ಭರವಸೆಯಿದೆ ಎಂದೂ ಬರೆಯಬೇಕು. ಭರವಸೆ ಸೊನ್ನೆ, ಬರೀ ಊಹೆ ಎಂದು ಬರೆದ ಉತ್ತರಗಳಲ್ಲೂ ಐದರಲ್ಲಿ ಸುಮಾರು ಮೂರು ಸರಿಯಾಗಿದ್ದವು. ಹೊಸ್ತಿಲ ಹೊರಗೇ ಉಳಿಯಿತೆಂದುಕೊಂಡದ್ದು ಒಳಗೆ ಬಂದು ಕೂತಿತ್ತು.

1954ರಲ್ಲಿ ಅಮೆರಿಕದ ಸಂಶೋಧಕರಾದ ಟ್ಯಾನರ್ ಮತ್ತು ಸ್ವೆಟ್ಸ್ ಈ ಗೊಂದಲವನ್ನು ಎರಡಾಗಿ ಸೀಳಿದರು. ಇಂದ್ರಿಯ ಎಷ್ಟು ಚುರುಕು ಎಂಬುದು ಒಂದು. ‘ಹೌದು’ ಎನ್ನಲು ಮನುಷ್ಯ ಎಷ್ಟು ಧಾರಾಳಿ ಎಂಬುದು ಇನ್ನೊಂದು. ಇವೆರಡನ್ನು ಬೇರ್ಪಡಿಸಲು ನಡುನಡುವೆ ಏನನ್ನೂ ತೋರಿಸದೆ ಕೇಳಬೇಕು. ಆಗಲೂ ‘ಹೌದು’ ಎಂದರೆ ಆ ಜಾಸ್ತಿ ಹೌದುಗಳನ್ನು ಲೆಕ್ಕಕ್ಕೆ ಹಿಡಿಯಬಹುದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿ ತೋರಿಸಿಕೊಂಡವರು ಇದನ್ನು ಹೆಸರಿಲ್ಲದೆ ನೋಡಿರುತ್ತಾರೆ. ಹೆಡ್‌ಫೋನ್ ಹಾಕಿ ಕೂರಿಸಿ, ಬೀಪ್ ಕೇಳಿದರೆ ಗುಂಡಿ ಒತ್ತಿ ಎನ್ನುತ್ತಾರೆ. ಒತ್ತಿದರೆ ಸದ್ದು 10 ಡೆಸಿಬೆಲ್ ಇಳಿಯುತ್ತದೆ, ಒತ್ತದಿದ್ದರೆ 5 ಏರುತ್ತದೆ. ಏರುತ್ತ ಬರುವಾಗ ಅರ್ಧದಷ್ಟು ಸಲವಾದರೂ ಕೇಳಿದ ಅತಿ ಕಡಿಮೆ ಮಟ್ಟವೇ ವರದಿಯಲ್ಲಿ ಬರುವ ನಿಮ್ಮ ಹೊಸ್ತಿಲು.

ನಮ್ಮ ಮಾವನವರನ್ನು ಒಮ್ಮೆ ಹೀಗೆ ಕರೆದುಕೊಂಡು ಹೋಗಿದ್ದೆ. ಗಾಜಿನಾಚೆಯ ಹುಡುಗಿ ಸದ್ದು ಬಿಡದೆ ಸುಮ್ಮನೆ ಕೂತಾಗಲೂ ಅವರು ಗುಂಡಿ ಒತ್ತುತ್ತಿದ್ದರು. ಆಕೆ ಬೇಸರಿಸದೆ ಒಳಗೆ ಬಂದು, ‘ತಾತ, ಖಾತ್ರಿಯಾಗಿ ಕೇಳಿಸಿದರೆ ಮಾತ್ರ ಒತ್ತಿ’ ಎಂದಳು. ನಂತರ ಬೀಪುಗಳ ನಡುವಿನ ಬಿಡುವನ್ನು ಒಮ್ಮೆ ಎರಡು ಸೆಕೆಂಡ್, ಒಮ್ಮೆ ಏಳು ಸೆಕೆಂಡ್ ಎಂದು ಏರುಪೇರು ಮಾಡಿ ಮತ್ತೆ ಮೊದಲಿಂದ ಶುರು ಮಾಡಿದಳು. ಎರಡನೇ ಸಲದ ಗ್ರಾಫ್ ಮೊದಲನೆಯದಕ್ಕಿಂತ 15 ಡೆಸಿಬೆಲ್ ಕೆಳಗೆ ಬಂತು. ಆ ಗ್ರಾಫಿನಲ್ಲಿ ಗೆರೆ ಕೆಳಗಿಳಿದಷ್ಟೂ ಕಿವಿ ಮಂದವೆಂದೇ ಅರ್ಥ. ‘ಅಷ್ಟರಲ್ಲೇ ನನ್ನ ಕಿವಿ ಇಷ್ಟು ಕೆಟ್ಟಿತೇನಮ್ಮ?’ ಎಂದು ಅವರು ಕೇಳಿದರು.