ಫಂಕ್ಷನ್‌ನ ವಿಲೋಮ: ಪೂರ್ಣಾಂಕಗಳಲ್ಲಿ ಅದು ಯಾವಾಗ ಇರುತ್ತದೆ?

ಒಂದು ಫಂಕ್ಷನ್ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಹಾಕುವುದೇ ಸಂಯೋಜನೆ. g∘f ಎಂದು ಬರೆದರೆ ಮೊದಲು f, ಆಮೇಲೆ g. ಬಲಗಡೆಯದು ಮೊದಲು ನಡೆಯುತ್ತದೆ. f ಮಾಡಿದ್ದನ್ನು g ಪೂರ್ತಿ ಹಿಂದಕ್ಕೆ ತಿರುಗಿಸಿದರೆ, g ಎಂಬುದು f ನ ವಿಲೋಮ. ಇದಕ್ಕೆ g(f(n)) = n ಮತ್ತು f(g(m)) = m, ಎರಡೂ ನಿಜವಾಗಿರಬೇಕು.

ಒಂದನ್ನೇ ನೋಡಿದರೆ ಸಾಲದಾ? ಸಾಲದು. ಪೂರ್ಣಾಂಕಗಳಿಂದ ಪೂರ್ಣಾಂಕಗಳಿಗೆ f(n) = 2n + 1 ತೆಗೆದುಕೊಳ್ಳಿ. g ನ ನಿಯಮ ಹೀಗಿರಲಿ: m ಬೆಸವಾದರೆ (m − 1)/2, ಸಮವಾದರೆ m/2. ಈಗ f(3) = 7, g(7) = 3. ಯಾವ n ಹಾಕಿದರೂ ಅದೇ n ವಾಪಸ್ ಬರುತ್ತದೆ. ಆದರೆ 4 ರಿಂದ ಶುರು ಮಾಡಿ: g(4) = 2, f(2) = 5. ನಾಲ್ಕು ಐದಾಯಿತು! ಕಾರಣ ಇಷ್ಟೇ, f ಬರೀ ಬೆಸ ಸಂಖ್ಯೆಗಳನ್ನು ಕೊಡುತ್ತದೆ, 4 ಅದರ ಉತ್ತರವಾಗಿ ಬರುವುದೇ ಇಲ್ಲ. ಹಾಗಾಗಿ ಇಲ್ಲಿ ವಿಲೋಮ ಇಲ್ಲ. ನಿಯಮ ಅದೇ ಇದ್ದು, ಉತ್ತರಗಳ ಗಣವನ್ನು ಬೆಸ ಸಂಖ್ಯೆಗಳೆಂದು ಬದಲಿಸಿದರೆ ವಿಲೋಮ ಇದೆ. ಅದಕ್ಕೇ ಗಣ ಹೇಳದೆ ವಿಲೋಮದ ಪ್ರಶ್ನೆ ಕೇಳಬಾರದು.

ಅಂದರೆ ಎರಡು ವಿಷಯ ನೋಡಬೇಕು. ಬೇರೆ ಬೇರೆ ಸಂಖ್ಯೆಗಳಿಗೆ ಬೇರೆ ಬೇರೆ ಉತ್ತರ ಬರಬೇಕು. ಗಣದ ಪ್ರತಿಯೊಂದು ಸಂಖ್ಯೆಯೂ ಯಾವುದಾದರೊಂದರ ಉತ್ತರವಾಗಿರಬೇಕು. ಎರಡೂ ಇದ್ದರೆ ವಿಲೋಮ ಇದ್ದೇ ಇರುತ್ತದೆ.

ಈಗ ಸ್ವಲ್ಪ ರುಚಿಯಾದ ನಿಯಮ:

```
f(n) = n + 3   (n ಸಮ)
f(n) = n - 5   (n ಬೆಸ)
```

ಸಮ ಸಂಖ್ಯೆಗೆ 3 ಕೂಡಿಸಿದರೆ ಬೆಸ, ಬೆಸದಿಂದ 5 ಕಳೆದರೆ ಸಮ. ಎರಡು ಗುಂಪಿನ ಉತ್ತರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಒಂದೇ ಗುಂಪಿನೊಳಗೆ ಎಲ್ಲವೂ ಒಂದೇ ಅಳತೆಯಲ್ಲಿ ಸರಿಯುವುದರಿಂದ ಅಲ್ಲೂ ಡಿಕ್ಕಿ ಇಲ್ಲ, ಯಾವ ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ. ವಿಲೋಮ ಇದೆ. ಕೆಳಗಿನ ಸಾಲು n + 1 ಆಗಿ, ಮೇಲಿನದು n + 2 ಆಗಿದ್ದರೆ? ಆಗ 2 ಕ್ಕೂ 4, 3 ಕ್ಕೂ 4. ಅಲ್ಲಿಗೆ ಕೆಲಸ ಕೆಟ್ಟಿತು.

ನಮ್ಮ ನಿಯಮಕ್ಕೇ ಬರೋಣ. m = n + 3 ಆದರೆ n = m − 3. ಇಲ್ಲಿ ಜಾಸ್ತಿ ಜನ ಎಡವುತ್ತಾರೆ: 'n ಸಮ' ಎಂಬ ಷರತ್ತನ್ನು ಹಾಗೇ 'm ಸಮ' ಎಂದು ಬರೆದುಬಿಡುತ್ತಾರೆ. n ಸಮವಾದಾಗ m ಬೆಸ ಅಲ್ವಾ? ಷರತ್ತೂ ತಿರುಗಬೇಕು:

```
f⁻¹(m) = m - 3   (m ಬೆಸ)
f⁻¹(m) = m + 5   (m ಸಮ)
```

ಎರಡೂ ಕಡೆಯಿಂದ ಪರೀಕ್ಷಿಸಿ. f(4) = 7, ಏಳು ಬೆಸ, 7 − 3 = 4. ಈ ಕಡೆಯಿಂದ m = 10 ಸಮ, 10 + 5 = 15, ಹದಿನೈದು ಬೆಸ, f(15) = 10. ಷರತ್ತು ತಿರುಗಿಸದೆ ಬಿಟ್ಟಿದ್ದರೆ 7 ಕ್ಕೆ 12 ಬರುತ್ತಿತ್ತು, ಆದರೆ f(12) = 15.