ಲೆಕ್ಕದಲ್ಲಿ 28 ಮಿ.ಲೀ., ನಳಿಕೆಯಲ್ಲಿ 34: ಜಾಸ್ತಿ ಹೈಡ್ರೋಜನ್ ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ ನೀರಿನ ವಿದ್ಯುದ್ವಿಭಜನೆ ಮಾಡಿದೆವು. 0.2 ಆಂಪಿಯರ್ ಕರೆಂಟ್, 20 ನಿಮಿಷ. ಸೂತ್ರ ಹಾಕಿದರೆ ಹೈಡ್ರೋಜನ್ 27.9 ಮಿ.ಲೀ., ಆಮ್ಲಜನಕ 13.9 ಮಿ.ಲೀ. ಬರಬೇಕು. ಆದರೆ ನಳಿಕೆಯಲ್ಲಿ 34 ಮತ್ತು 16 ಬಂತು. ಎರಡೂ ಜಾಸ್ತಿ. ಹೋಗಲಿ ಅಂದರೆ 16 ಎನ್ನುವುದು 34ರ ಅರ್ಧವೂ ಅಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ಇಂಥ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಹೆಚ್ಚಿನವರು ರೆಕಾರ್ಡ್‌ನಲ್ಲಿ ಸುಮ್ನೆ 28 ಮತ್ತು 14 ಅಂತ ಬರೆದು ಸಹಿ ಹಾಕಿಸಿಕೊಂಡುಬಿಡುತ್ತಾರೆ. ನೀವು ಕಂಡದ್ದನ್ನೇ ಬರೆದಿದ್ದೀರಿ, ಹಾಗಾಗಿ ಉತ್ತರ ಹುಡುಕುವುದು ಸುಲಭ. ನಿಮ್ಮ 34 ಬಹುಪಾಲು ಸರಿಯಾಗಿದೆ. 16ರಲ್ಲಿ ಮಾತ್ರ ಸ್ವಲ್ಪ ಸೋರಿಕೆ ಇದೆ.

ಮೊದಲು ಸೂತ್ರ ಏನನ್ನು ಲೆಕ್ಕ ಹಾಕುತ್ತದೆ ಅಂತ ನೋಡೋಣ. ಕರೆಂಟನ್ನು ಸೆಕೆಂಡುಗಳಿಂದ ಗುಣಿಸಿದರೆ ಹರಿದ ಚಾರ್ಜ್ ಸಿಗುತ್ತದೆ. 20 ನಿಮಿಷ ಅಂದರೆ 1200 ಸೆಕೆಂಡು, ಹಾಗಾಗಿ 0.2 × 1200 = 240 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನ್ ಸಾಗಲು ಸುಮಾರು 96,500 ಕೂಲಂಬ್ ಬೇಕು. ಆದ್ದರಿಂದ ನಿಮ್ಮ ತಂತಿಯಲ್ಲಿ ಹೋದದ್ದು 240 ÷ 96,500 = 0.002487 ಮೋಲ್ ಎಲೆಕ್ಟ್ರಾನ್.

ಇನ್ನು ಆ ಎಲೆಕ್ಟ್ರಾನ್‌ಗಳನ್ನು ಹಂಚಬೇಕು. ಋಣ ತುದಿಯಲ್ಲಿ ಒಂದು ಹೈಡ್ರೋಜನ್ ಅಣು ಆಗಲು 2 ಎಲೆಕ್ಟ್ರಾನ್ ಸಾಕು. ಧನ ತುದಿಯಲ್ಲಿ ಒಂದು ಆಮ್ಲಜನಕ ಅಣು ಹೊರಬರಬೇಕಾದರೆ ನೀರು 4 ಎಲೆಕ್ಟ್ರಾನ್ ಬಿಟ್ಟುಕೊಡಬೇಕು.

```
2H⁺ + 2e⁻ → H₂
2H₂O → O₂ + 4H⁺ + 4e⁻
```

ಎರಡೂ ತುದಿಗಳಲ್ಲಿ ಹರಿಯುವ ಎಲೆಕ್ಟ್ರಾನ್ ಲೆಕ್ಕ ಒಂದೇ. ಹಾಗಾಗಿ ಹೈಡ್ರೋಜನ್ 0.001244 ಮೋಲ್, ಆಮ್ಲಜನಕ ಅದರ ಅರ್ಧ, 0.000622 ಮೋಲ್. ಇಲ್ಲಿ ವೋಲ್ಟೇಜ್ ಎಲ್ಲೂ ಬರಲಿಲ್ಲ, ನೋಡಿ. ಕರೆಂಟ್ ಹರಿಸಲು ವೋಲ್ಟೇಜ್ ಬೇಕು, ಸರಿ. ಆದರೆ ಹರಿದ ಕರೆಂಟ್ ಎಷ್ಟು ಅನಿಲ ಕೊಡುತ್ತದೆ ಎನ್ನುವುದು ವೋಲ್ಟೇಜನ್ನು ನೋಡಿ ನಿರ್ಧಾರ ಆಗುವುದಿಲ್ಲ. 6 ವೋಲ್ಟ್ ಹಾಕಿ, 12 ಹಾಕಿ, ಆಮೀಟರ್ 0.2 ತೋರಿಸುತ್ತಿದ್ದರೆ ಅನಿಲ ಅಷ್ಟೇ.

ಇಲ್ಲಿಯವರೆಗೆ ನೀವೂ ಮಾಡಿದ್ದೀರಿ, ಸರಿಯಾಗಿಯೇ ಮಾಡಿದ್ದೀರಿ. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಮೋಲನ್ನು 22.4 ಲೀಟರ್‌ನಿಂದ ಗುಣಿಸಿದಿರಿ ಅಲ್ವಾ? ಆ 22.4 ಬರುವುದು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, 760 ಮಿ.ಮೀ. ಪಾದರಸದ ಒತ್ತಡದಲ್ಲಿ, ಒಣ ಅನಿಲಕ್ಕೆ. ನಿಮ್ಮ ಲ್ಯಾಬ್ ಬೆಚ್ಚಗಿದೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಿಮ್ಮ ಅನಿಲ ನೀರಿನ ಮೇಲೆ ಕೂತಿದೆ. ಮೂರು ಷರತ್ತಿನಲ್ಲಿ ಒಂದೂ ಹೊಂದುವುದಿಲ್ಲ.

ಒಂದೊಂದಾಗಿ ಸರಿ ಮಾಡೋಣ. ಲ್ಯಾಬ್‌ನ ಉಷ್ಣತೆ 27 ಡಿಗ್ರಿ ಅಂತ ಇಟ್ಟುಕೊಳ್ಳಿ, ಅಂದರೆ 300 ಕೆಲ್ವಿನ್. ಅನಿಲ ಬಿಸಿಯಾದಷ್ಟೂ ಹಿಗ್ಗುತ್ತದೆ. 27.9 ಮಿ.ಲೀ.ಯನ್ನು 300/273ರಿಂದ ಗುಣಿಸಿದರೆ 30.6 ಆಯಿತು. ಉಷ್ಣತೆಯೊಂದೇ ಸುಮಾರು 3 ಮಿ.ಲೀ. ಕೂಡಿಸಿತು.

ಮುಂದಿನದು ಒತ್ತಡ, ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ 760 ಅಲ್ಲ, ಸುಮಾರು 683 ಮಿ.ಮೀ. ಪಾದರಸ. ನೀರು ಇಲ್ಲಿ 100 ಡಿಗ್ರಿಗೆ ಮೊದಲೇ, 97ರ ಆಸುಪಾಸಿನಲ್ಲಿ ಕುದಿಯುವುದೂ ಇದೇ ಕಾರಣಕ್ಕೆ. ಮೇಲಿಂದ ಒತ್ತುವುದು ಕಡಿಮೆಯಾದರೆ ಅನಿಲ ಜಾಸ್ತಿ ಜಾಗ ಹಿಡಿಯುತ್ತದೆ.

ಈ 683ನ್ನು ಹಾಗೇ ಬಳಸುವಂತಿಲ್ಲ. ಅದಕ್ಕೆ ಒಂದು ಕೂಡಿಸಬೇಕು, ಒಂದು ಕಳೆಯಬೇಕು. ನೀವು ಬಳಸಿದ್ದು ಹಾಫ್‌ಮನ್ ಉಪಕರಣ ಅಂತ ನಿಮ್ಮ ಚಿತ್ರದಿಂದ ಗೊತ್ತಾಯಿತು: ಎರಡು ಬದಿಯಲ್ಲಿ ಗುರುತು ಹಾಕಿದ ನಳಿಕೆ, ನಡುವೆ ಬುರುಡೆಯಿರುವ ತೆರೆದ ನಳಿಕೆ. ಅನಿಲ ಸೇರಿದ ಹಾಗೆ ಬದಿಯ ನಳಿಕೆಯ ದ್ರವ ಕೆಳಗಿಳಿದು ನಡುವಿನ ಬುರುಡೆಗೆ ಏರುತ್ತದೆ. ಬುರುಡೆಯ ಮಟ್ಟಕ್ಕೂ ಹೈಡ್ರೋಜನ್ ನಳಿಕೆಯ ಮಟ್ಟಕ್ಕೂ ಇರುವ ಎತ್ತರದ ಅಂತರವನ್ನು ಸ್ಕೇಲ್ ಇಟ್ಟು ಅಳೆಯಬೇಕು. ನಿಮ್ಮ ಚಿತ್ರದಲ್ಲಿ ಅದು 27 ಸೆಂ.ಮೀ. ಇದೆ. ಪಾದರಸ ನೀರಿಗಿಂತ 13.6 ಪಟ್ಟು ತೂಕ, ಹಾಗಾಗಿ 270 ÷ 13.6, ಅಂದರೆ ಸುಮಾರು 20 ಮಿ.ಮೀ. ಪಾದರಸದಷ್ಟು ಒತ್ತಡ ಮೇಲಿಂದ ಬೀಳುತ್ತಿದೆ. ಅಷ್ಟನ್ನು ಕೂಡಿಸಿ.

ಕಳೆಯಬೇಕಾದದ್ದು ನೀರಿನ ಆವಿ. ನಳಿಕೆಯೊಳಗೆ ಬರೀ ಹೈಡ್ರೋಜನ್ ಇಲ್ಲ, ಕೆಳಗಿನ ದ್ರವದಿಂದ ಎದ್ದ ಆವಿಯೂ ಇದೆ. 27 ಡಿಗ್ರಿಯಲ್ಲಿ ಅದರ ಪಾಲು ಸುಮಾರು 27 ಮಿ.ಮೀ. (ಎರಡೂ ಸಂಖ್ಯೆ 27 ಆಗಿರುವುದು ಕಾಕತಾಳೀಯ. 20 ಡಿಗ್ರಿಯಲ್ಲಿ ಅದು 17.5.) ಹೀಗೆ ಹೈಡ್ರೋಜನ್‌ನ ಪಾಲಿನ ಒತ್ತಡ 683 + 20 − 27 = 676. ಕೊನೆಗೆ 30.6 × 760/676 = 34.4 ಮಿ.ಲೀ.

ನೀವು ಓದಿದ್ದು 34. ನಳಿಕೆಯ ಗುರುತು ಓದುವಾಗ ಅರ್ಧ ಮಿ.ಲೀ. ಆಚೀಚೆ ಆಗುವುದು ಮಾಮೂಲು.

ನಿಮ್ಮ ಸ್ನೇಹಿತರು ಮಂಗಳೂರಿನಲ್ಲಿ ಅದೇ 27 ಡಿಗ್ರಿಯಲ್ಲಿ, ಅದೇ ಕರೆಂಟಿನಲ್ಲಿ ಮಾಡಿದರೆ 760ರ ಲೆಕ್ಕದಲ್ಲಿ ಸುಮಾರು 31 ಮಿ.ಲೀ. ಬರುತ್ತದೆ. ಅಣುಗಳ ಸಂಖ್ಯೆ ಒಂದೇ, ಹಿಡಿದ ಜಾಗ ಬೇರೆ. ಒತ್ತಡ ನೋಡಲು ಮೊಬೈಲ್‌ನ ಹವಾಮಾನ ಆ್ಯಪ್ ತೆರೆಯುವವರಿಗೆ ಒಂದು ಮಾತು: ಅಲ್ಲಿ ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಬೆಂಗಳೂರಿನಲ್ಲಿ ಕೂತು ನೋಡಿದರೂ 1010 ಹೆಕ್ಟೊಪಾಸ್ಕಲ್ ಆಸುಪಾಸು ಇರುತ್ತದೆ, ನಿಜಕ್ಕೂ ಇರುವುದು ಸುಮಾರು 910. ಅದನ್ನು ನಂಬಿದರೆ ಮತ್ತೆ ಮಂಗಳೂರಿನ ಉತ್ತರವೇ ಬರುತ್ತದೆ. ಲ್ಯಾಬ್‌ನ ಬ್ಯಾರೋಮೀಟರ್ ನೋಡಿ.

ಈಗ ಆಮ್ಲಜನಕ. ಅದರ ನಳಿಕೆಯಲ್ಲಿ ದ್ರವ ಅರ್ಧದಷ್ಟೇ ಇಳಿದಿರುತ್ತದೆ, ಎತ್ತರದ ಅಂತರ ಸುಮಾರು 13.5 ಸೆಂ.ಮೀ. ಅಂದರೆ 20ರ ಬದಲು 10 ಕೂಡಿಸಬೇಕು. ಒತ್ತಡ 666 ಆಯಿತು. ಲೆಕ್ಕ ಹಾಕಿದರೆ 17.5 ಮಿ.ಲೀ. ಬರುತ್ತದೆ, ಅದು 34.4ರ ಅರ್ಧಕ್ಕಿಂತ ತುಸು ಜಾಸ್ತಿಯೇ! ನಿಮಗೆ ಸಿಕ್ಕಿದ್ದು 16. ಒಂದೂವರೆ ಮಿ.ಲೀ. ಎಲ್ಲೋ ಹೋಗಿದೆ.

ಮೊದಲ ಅನುಮಾನ ದ್ರವದ ಮೇಲೆಯೇ. ಆಮ್ಲಜನಕ ನೀರಿನಲ್ಲಿ ಕರಗುತ್ತದೆ. ಈ ಉಷ್ಣತೆಯಲ್ಲಿ ಶುದ್ಧ ಆಮ್ಲಜನಕ ಒಂದು ಲೀಟರ್ ನೀರಿನಲ್ಲಿ 28 ಮಿ.ಲೀ.ಯಷ್ಟು ಕರಗಬಲ್ಲದು. ನಳಿಕೆಯಲ್ಲಿ ಕೆಲವು ಹತ್ತು ಮಿ.ಲೀ. ದ್ರವ ಇದ್ದರೂ ಒಂದು ಮಿ.ಲೀ. ಅನಿಲ ಸದ್ದಿಲ್ಲದೆ ಮಾಯವಾಗಲು ಸಾಕು. ಹೈಡ್ರೋಜನ್ ಕೂಡ ಕರಗುತ್ತದೆ, ಆದರೆ ಸುಮಾರು 19 ಮಿ.ಲೀ.ಯಷ್ಟು ಮಾತ್ರ. ಸಿಗುವ ಅನಿಲವೂ ಎರಡು ಪಟ್ಟು, ಹಾಗಾಗಿ ಆ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಗಂಧಕಾಮ್ಲ ಹಾಕಿದ ನೀರಿನಲ್ಲಿ ಧನ ತುದಿಯ ಸ್ವಲ್ಪ ಚಾರ್ಜ್ ಓಝೋನ್‌ನಂಥ ಬೇರೆ ಪದಾರ್ಥ ಮಾಡಲೂ ಖರ್ಚಾಗುತ್ತದೆ. ಅದು ಆಮ್ಲ ಗಟ್ಟಿಯಾದಷ್ಟೂ ಜಾಸ್ತಿ.

ಇದಕ್ಕೆ ಪರಿಹಾರ ಸುಲಭ. ಲೆಕ್ಕ ಶುರು ಮಾಡುವ ಮೊದಲು ಹತ್ತು ನಿಮಿಷ ಕರೆಂಟ್ ಹರಿಸಿ, ದ್ರವಕ್ಕೆ ಅನಿಲ ಕುಡಿಸಿಬಿಡಿ. ಬಂದ ಅನಿಲವನ್ನು ಮೇಲಿನ ಬಿರಡೆ ತಿರುಗಿಸಿ ಹೊರಗೆ ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬರ್ನರ್ ಉರಿಯುತ್ತಿರಬಾರದು. ದ್ರವ ಮತ್ತೆ ಬಿರಡೆಯವರೆಗೆ ತುಂಬಿದ ಮೇಲೆ ಸ್ಟಾಪ್‌ವಾಚ್ ಒತ್ತಿ. ಹೀಗೆ ಮಾಡಿದ ಬ್ಯಾಚ್‌ಗಳಲ್ಲಿ ಆಮ್ಲಜನಕ ಅರ್ಧದ ಹತ್ತಿರಕ್ಕೆ ಬಂದದ್ದನ್ನು ನಾನೇ ನೋಡಿದ್ದೇನೆ.

ಕೊರತೆ ಇದಕ್ಕಿಂತ ದೊಡ್ಡದಿದ್ದರೆ ಎಲೆಕ್ಟ್ರೋಡ್ ನೋಡಿ. ನಿಮ್ಮದು ಪ್ಲಾಟಿನಂ, ಹಾಗಾಗಿ ನಿಮಗೆ ಚಿಂತೆಯಿಲ್ಲ. ಹಳೇ ಟಾರ್ಚ್ ಸೆಲ್ಲಿನ ಇಂಗಾಲದ ಕಡ್ಡಿ ಹಾಕಿದವರಿಗೆ ಧನ ತುದಿಯಲ್ಲಿ ಆ ಕಡ್ಡಿಯೇ ಸವೆಯುತ್ತದೆ. ದ್ರವ ಕಪ್ಪಾಗುತ್ತದೆ, ತಳದಲ್ಲಿ ಮಸಿಯಂಥ ಪುಡಿ ಕೂರುತ್ತದೆ. ಬಂದ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆತು ಸುಣ್ಣದ ತಿಳಿನೀರು ಹಾಲಿನಂತಾಗುತ್ತದೆ. ತಾಮ್ರದ ತಂತಿ ಹಾಕಿದರೆ ತಾಮ್ರವೇ ಕರಗಿ ದ್ರವ ನೀಲಿಯಾಗುತ್ತದೆ, ಆಮ್ಲಜನಕ ಹೆಚ್ಚುಕಡಿಮೆ ಬರುವುದೇ ಇಲ್ಲ. ಆಮ್ಲ ಇಲ್ಲ ಅಂತ ಅಡುಗೆ ಉಪ್ಪು ಹಾಕುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಅದು ಕ್ಲೋರಿನ್, ತಕ್ಷಣ ಸ್ವಿಚ್ ಆಫ್ ಮಾಡಿ.

ಇಷ್ಟಾದರೂ ಸಂಖ್ಯೆ ಹೊಂದದಿದ್ದರೆ ಎರಡರ ಅನುಪಾತ ನೋಡಿ. ಎರಡೂ ಅನಿಲ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿ 2:1 ಉಳಿದಿದ್ದರೆ, ತಪ್ಪು ಕರೆಂಟಿನಲ್ಲೋ ಸಮಯದಲ್ಲೋ ಇದೆ. ಬ್ಯಾಟರಿ ಇಳಿಯುತ್ತಾ ಬಂದರೆ ಶುರುವಿನಲ್ಲಿ 0.2 ಇದ್ದದ್ದು ಕೊನೆಗೆ 0.16 ಆಗಿರುತ್ತದೆ, ನೀವು ಮೊದಲ ರೀಡಿಂಗ್ ಮಾತ್ರ ಬರೆದುಕೊಂಡಿರುತ್ತೀರಿ. ಪ್ರತಿ ನಿಮಿಷ ಆಮೀಟರ್ ನೋಡಿ ಸರಾಸರಿ ತೆಗೆದುಕೊಳ್ಳಿ. ಆಮ್ಲಜನಕ ಮಾತ್ರ ಕಡಿಮೆ ಅಂದರೆ ಧನ ತುದಿಯ ಕಥೆ, ಅದನ್ನು ಹೇಳಿಯಾಯಿತು. ಹೈಡ್ರೋಜನ್ ಮಾತ್ರ ಕಡಿಮೆ ಅಂದರೆ ಆ ನಳಿಕೆಯ ಬಿರಡೆ ಬಿಗಿಯಾಗಿಲ್ಲ. ಅದರಷ್ಟು ಸಣ್ಣ ಸಂದಿಯಲ್ಲೂ ನುಸುಳುವ ಅನಿಲ ಬೇರೆ ಇಲ್ಲ. ಬಿರಡೆಗೆ ತೆಳುವಾಗಿ ಗ್ರೀಸ್ ಹಚ್ಚಿ, ಕರೆಂಟ್ ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡಿ. ಮಟ್ಟ ಮೇಲೇರುತ್ತಿದ್ದರೆ ಇನ್ನೂ ಸೋರುತ್ತಿದೆ ಅಂತ.

ಪರೀಕ್ಷೆಯಲ್ಲಿ ಇದೇ ಲೆಕ್ಕ ಕೇಳಿದರೆ, ಪ್ರಶ್ನೆಯಲ್ಲಿ "ಎಸ್‌ಟಿಪಿ" ಅಂತ ಇದ್ದಾಗ ನಿಮ್ಮ ಪುಸ್ತಕದಲ್ಲಿರುವ ಮೋಲಾರ್ ಗಾತ್ರವನ್ನೇ ಹಾಕಿ. ಕೆಲವು ಪುಸ್ತಕಗಳಲ್ಲಿ 1 ಬಾರ್ ಒತ್ತಡಕ್ಕೆ 22.7 ಅಂತಲೂ ಇರುತ್ತದೆ. ಲ್ಯಾಬ್ ರೆಕಾರ್ಡ್‌ನಲ್ಲಿ ಮಾತ್ರ 34 ಮತ್ತು 16 ಅಂತಲೇ ಬರೆಯಿರಿ, ಪಕ್ಕದಲ್ಲಿ ಉಷ್ಣತೆ, ಬ್ಯಾರೋಮೀಟರ್ ರೀಡಿಂಗ್, ಎರಡೂ ನಳಿಕೆಗಳ ಎತ್ತರದ ಅಂತರ ಇರಲಿ. ನಿಮ್ಮ ಮೇಷ್ಟ್ರು 28 ಯಾಕೆ ಬರಲಿಲ್ಲ ಅಂತ ಕೇಳಿದರೆ ಆ ಮೂರು ಸಂಖ್ಯೆ ತೋರಿಸಿ.