ಕೆಲಸದಲ್ಲಿ ಜೀವ ಹೋದರೆ ಮನೆಯವರಿಗೆ ಇಎಸ್‌ಐ ಪಿಂಚಣಿ: ಯಾರಿಗೆ, ಎಷ್ಟು?

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ರಾಜಾಜಿನಗರದ ಆಸ್ಪತ್ರೆ. ಆದರೆ ಪ್ರತಿ ತಿಂಗಳು ಸಂಬಳದಲ್ಲಿ ಹಿಡಿಯುವ ಆ ಮುಕ್ಕಾಲು ಪರ್ಸೆಂಟ್‌ ಬರೀ ಮಾತ್ರೆ, ಇಂಜೆಕ್ಷನ್‌ಗೆ ಅಲ್ಲ. ಕೆಲಸದ ಅಪಘಾತದಲ್ಲಿ ಕಾರ್ಮಿಕ ಸತ್ತರೆ ಅವನ ಮನೆಯವರಿಗೆ ತಿಂಗಳು ತಿಂಗಳು ಹಣ ಬರುವುದೂ ಇದೇ ವ್ಯವಸ್ಥೆಯಿಂದ. ಕಚೇರಿಯ ಭಾಷೆಯಲ್ಲಿ ಇದು ‘ಅವಲಂಬಿತರ ಸೌಲಭ್ಯ’.

ಮೊದಲು ಹೀಗಿರಲಿಲ್ಲ. 1923ರ ಪರಿಹಾರ ಕಾಯ್ದೆಯಲ್ಲಿ ಮಾಲೀಕನೇ ಒಂದು ಗಂಟು ಹಣ ಕೊಡಬೇಕಿತ್ತು. ಅವನು ಕೊಡದಿದ್ದರೆ ಗಂಡ ಸತ್ತ ಹೆಂಗಸು ಆಯುಕ್ತರ ಮುಂದೆ ಕೇಸು ನಡೆಸಬೇಕು. ಗೆದ್ದರೂ ಆ ಹಣ ಸಾಲ ತೀರಿಸುವುದಕ್ಕೇ ಮುಗಿದುಹೋದರೆ ಕೇಳುವವರಿಲ್ಲ. ಕಾರ್ಮಿಕರಿಗೆ ವಿಮೆ ಬೇಕೆಂದು ಅರ್ಥಶಾಸ್ತ್ರಜ್ಞ ಬಿ.ಪಿ. ಅದಾರ್ಕರ್ 1944ರಲ್ಲಿ ವರದಿ ಕೊಟ್ಟರು. 1948ರಲ್ಲಿ ಇಎಸ್‌ಐ ಕಾಯ್ದೆ ಬಂತು, 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಯಾಯಿತು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ಅಲ್ಲಿಂದ ಇಎಸ್‌ಐ ವ್ಯಾಪ್ತಿಯ ಕಾರ್ಮಿಕನ ಮನೆಯವರು ಹಣಕ್ಕಾಗಿ ಮಾಲೀಕನ ಬಾಗಿಲಿಗೆ ಹೋಗಬೇಕಾಗಿಲ್ಲ. ಅದಕ್ಕೆ ಬದಲಾಗಿ, ಹಳೇ ಕಾಯ್ದೆಯ ಗಂಟು ಹಣವೂ ಅವರಿಗೆ ಸಿಗುವುದಿಲ್ಲ.

ಕಾಯಿಲೆ ಭತ್ಯೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ನಿಯಮ ಇದೆ. ಅಪಘಾತದ ಸಾವಿಗೆ ಅದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಜೀವ ಹೋದರೂ ಮನೆಯವರಿಗೆ ಹಕ್ಕಿದೆ.

ಲೆಕ್ಕ ನೋಡೋಣ. ಕಾರ್ಮಿಕನ ಸರಾಸರಿ ದಿನಗೂಲಿ ₹600 ಅಂದುಕೊಳ್ಳಿ. ಅದರ 90 ಪರ್ಸೆಂಟ್, ಅಂದರೆ ದಿನಕ್ಕೆ ₹540, ಪೂರ್ಣ ದರ. ಅದರಲ್ಲಿ ಹೆಂಡತಿಗೆ ಐದರಲ್ಲಿ ಮೂರು ಪಾಲು. ಮಗನಿಗೆ, ಮಗಳಿಗೆ, ವಿಧವೆ ತಾಯಿಗೆ ತಲಾ ಐದರಲ್ಲಿ ಎರಡು ಪಾಲು. ಈ ನಾಲ್ವರೂ ಇದ್ದರೆ ಒಟ್ಟು ಪೂರ್ಣ ದರವನ್ನು ಮೀರುತ್ತದೆ, ಅಲ್ವಾ? ಆಗ ಎಲ್ಲರದನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಹೆಂಡತಿಗೆ ದಿನಕ್ಕೆ ₹180, ಉಳಿದ ಮೂವರಿಗೆ ತಲಾ ₹120. 30 ದಿನಕ್ಕೆ ಮನೆಗೆ ₹16,200.

ಮಗಳಿಗೆ ಮದುವೆಯಾದರೆ ಅವಳ ಪಾಲು ನಿಲ್ಲುತ್ತದೆ. ಆದರೆ ಆ ಹಣ ಇಎಸ್‌ಐ ನಿಗಮಕ್ಕೆ ಹೋಗುವುದಿಲ್ಲ, ಉಳಿದವರಿಗೆ ಮತ್ತೆ ಹಂಚಿಕೆಯಾಗುತ್ತದೆ. ಮಗನಿಗೆ 25 ತುಂಬಿದಾಗಲೂ ಹಾಗೇ. ಕೊನೆಗೆ ತಾಯಿಯೂ ತೀರಿಕೊಂಡು ಹೆಂಡತಿ ಒಬ್ಬಳೇ ಉಳಿದಾಗ ದಿನಕ್ಕೆ ₹324 ಬರುತ್ತದೆ. ಅವಳು ಬದುಕಿರುವವರೆಗೆ, ಇಲ್ಲವೇ ಮರುಮದುವೆ ಆಗುವವರೆಗೆ. ಹಾಗಾಗಿ ಮನೆಯಲ್ಲಿ ಮದುವೆ, ಸಾವು ಏನಾದರೂ ಶಾಖಾ ಕಚೇರಿಗೆ ತಿಳಿಸಿ. ಮುಚ್ಚಿಟ್ಟರೆ ಜಾಸ್ತಿ ಪಡೆದ ಹಣವನ್ನು ವಾಪಸ್ ಕಟ್ಟಬೇಕಾಗುತ್ತದೆ.

ತಂದೆಯ ಕಥೆ ಬೇರೆ. ಹೆಂಡತಿ ಮಕ್ಕಳು ಇದ್ದರೆ ಅವನಿಗೆ ಏನೂ ಇಲ್ಲ. ಸತ್ತದ್ದು ಹೆಂಡತಿಯಾದರೆ ಗಂಡನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. 1948ರ ಕಾಯ್ದೆಯ ಪಟ್ಟಿಯಲ್ಲಿ ‘ವಿಧವೆ’ ಇದ್ದಾಳೆ, ‘ವಿಧುರ’ ಇಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಹೆಂಗಸರೇ ಜಾಸ್ತಿ. ಅವರ ಸಂಬಳವೂ ಮನೆ ನಡೆಸುತ್ತದೆ ಎಂಬುದು ಆ ಪಟ್ಟಿ ಬರೆದವರಿಗೆ ಹೊಳೆಯಲಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಧುರನ ಹೆಸರು ಸೇರಿದೆ. ಆದರೆ ಹೆಂಡತಿಯ ದುಡಿಮೆಯ ಮೇಲೆ ಪೂರ್ತಿಯಾಗಿಯೋ ಭಾಗಶಃವೋ ಅವಲಂಬಿಸಿದ್ದೆ ಎಂದು ಅವನು ತೋರಿಸಬೇಕು.

ಜಾಸ್ತಿ ಜಗಳ ಆಗಿದ್ದು ದಾರಿಯ ಅಪಘಾತದ ಬಗ್ಗೆ. ಕೇರಳದ ಫ್ರಾನ್ಸಿಸ್ ಡಿಕೋಸ್ಟಾ ಪ್ರಕರಣದಲ್ಲಿ ಕಾರ್ಮಿಕ ಸೈಕಲ್‌ನಲ್ಲಿ ಪಾಳಿಗೆ ಹೋಗುತ್ತಿದ್ದಾಗ ಲಾರಿ ಬಡಿದು ಮೂಳೆ ಮುರಿಯಿತು. ಕಾರ್ಖಾನೆ ಇನ್ನೊಂದೇ ಕಿಲೋಮೀಟರ್ ಇತ್ತು. ಇದು ಕೆಲಸದ ಗಾಯ ಅಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ದಾರಿಯಲ್ಲಿ ಸತ್ತವರ ಮನೆಯವರಿಗೂ ಇದೇ ತೀರ್ಪು ಅಡ್ಡ ಬಂತು. 2010ರಲ್ಲಿ ಕಾಯ್ದೆಗೆ 51ಇ ಕಲಮು ಸೇರಿದ ಮೇಲೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯೂ ಒಳಗೆ ಬಂತು. ಅದು ಹಳೇ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಕಾರ್ಮಿಕ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರ. ನಸುಕಿನ ಮೂರು ಗಂಟೆಯ ಪಾಳಿಗೆ ಹೊರಟವನು 2003ರಲ್ಲಿ ದಾರಿಯಲ್ಲೇ ಸತ್ತಿದ್ದ.

ಆದರೂ ಸುಮ್ನೆ ‘ದಾರಿಯಲ್ಲಿ ಸತ್ತ’ ಅಂದರೆ ಸಾಲದು. ಅಪಘಾತದ ಸಮಯ, ಜಾಗ ಮತ್ತು ಸಂದರ್ಭಕ್ಕೆ ಕೆಲಸದ ಜೊತೆ ಸಂಬಂಧ ಇರಬೇಕು. ಪಾಳಿ ಮುಗಿದು ನಾಲ್ಕು ತಾಸಿನ ಮೇಲೆ, ಊರಿನ ಇನ್ನೊಂದು ದಿಕ್ಕಿನಲ್ಲಿ ಅಪಘಾತವಾದರೆ ಕಚೇರಿ ಪ್ರಶ್ನೆ ಕೇಳಿಯೇ ಕೇಳುತ್ತದೆ. ಆಗ ಉಪಯೋಗಕ್ಕೆ ಬರುವುದು ಹಾಜರಿ ಪುಸ್ತಕದ ನಕಲು, ಎಫ್‌ಐಆರ್‌ನಲ್ಲಿ ಬರೆದ ಸಮಯ, ಮಾಲೀಕ ಕಳಿಸಬೇಕಾದ ಅಪಘಾತ ವರದಿ. ಆ ವರದಿ ಹೋಗಿದೆಯೇ ಎಂದು ಮೊದಲ ವಾರದಲ್ಲೇ ವಿಚಾರಿಸಿ. ಅವಲಂಬಿತರು ಅರ್ಜಿ ಹಾಕಲು ಇರುವ ಅವಧಿ 12 ತಿಂಗಳು.